ಮೆಶ್ ಸಣ್ಣದಾದಷ್ಟೂ ಉತ್ತರ ನಿಖರವೇ? ಗೋಡೆಯ ಬ್ರಾಕೆಟ್ ಒಂದರ ಲೆಕ್ಕಾಚಾರ

ಎಲ್ ಆಕಾರದ ಉಕ್ಕಿನ ಬ್ರಾಕೆಟ್ ನೋಡದವರು ಕಡಿಮೆ. ಒಂದು ಕಾಲನ್ನು ಸ್ಕ್ರೂ ಹಾಕಿ ಗೋಡೆಗೆ ಬಿಗಿದರೆ ಇನ್ನೊಂದು ಕಾಲು ಹೊರಗೆ ಚಾಚಿಕೊಂಡಿರುತ್ತದೆ. ಅದರ ಮೇಲೆ ಶೆಲ್ಫು, ಡಬ್ಬಿಗಳು, ಪುಸ್ತಕಗಳು. ಈ ಬ್ರಾಕೆಟ್ 20 ಕಿಲೋ ತೂಕವನ್ನು ತಡೆಯುತ್ತದೆಯೇ ಎಂದು ಇಬ್ಬರು ಸ್ನೇಹಿತರು ಕಂಪ್ಯೂಟರಿನಲ್ಲಿ ಪರೀಕ್ಷಿಸಿದರು ಎಂದುಕೊಳ್ಳಿ. ಇಬ್ಬರದೂ ಒಂದೇ ನಕ್ಷೆ, ಒಂದೇ ತೂಕ, ಒಂದೇ ತಂತ್ರಾಂಶ. ಬ್ರಾಕೆಟ್ಟಿನ ಒಳಮೂಲೆಯಲ್ಲಿ ಅತಿ ಹೆಚ್ಚು ಸ್ಟ್ರೆಸ್ 140 ಮೆಗಾಪ್ಯಾಸ್ಕಲ್ ಎಂಬ ಉತ್ತರ ಒಬ್ಬರಿಗೆ ಬಂತು. ಇನ್ನೊಬ್ಬರಿಗೆ ಬಂದದ್ದು 339. ಆ ಉಕ್ಕು ಶಾಶ್ವತವಾಗಿ ಬಾಗದೆ ತಡೆಯುವುದು 250ರವರೆಗೆ ಮಾತ್ರ. ಅಂದರೆ ಮೊದಲನೆಯವರ ಪ್ರಕಾರ ಬ್ರಾಕೆಟ್ ಪಾಸ್, ಎರಡನೆಯವರ ಪ್ರಕಾರ ಫೇಲ್.

ಇಬ್ಬರ ನಡುವೆ ಇದ್ದ ವ್ಯತ್ಯಾಸ ಒಂದೇ. ಲೆಕ್ಕಕ್ಕಾಗಿ ಬ್ರಾಕೆಟ್ಟನ್ನು ತುಂಡು ಮಾಡಿದಾಗ ಮೊದಲನೆಯವರು ದೊಡ್ಡ ತುಂಡು ಮಾಡಿದ್ದರು, ಎರಡನೆಯವರು ಸಣ್ಣ ತುಂಡು ಮಾಡಿದ್ದರು. ಹಾಗಾದರೆ ಯಾರು ಸರಿ? "ಸಣ್ಣ ತುಂಡು ಮಾಡಿದವರೇ ಸರಿ, ತುಂಡು ಸಣ್ಣದಾದಷ್ಟೂ ಉತ್ತರ ನಿಖರ" ಎಂಬುದು ಈ ಕೆಲಸ ಕಲಿಯುವವರಲ್ಲಿ ಬಹಳ ಮಂದಿಯ ನಂಬಿಕೆ. ಅದು ಅರ್ಧ ಮಾತ್ರ ನಿಜ. ಈ ಪ್ರಕರಣದಲ್ಲಿ ಇಬ್ಬರ ಉತ್ತರವೂ ನಂಬುವಂಥದ್ದಲ್ಲ. ಏಕೆ ಎಂಬುದನ್ನು ಅದೇ ಬ್ರಾಕೆಟ್ಟಿನ ಮೇಲೆ ಹಂತ ಹಂತವಾಗಿ ನೋಡೋಣ.

ಮೊದಲು ಕಾಗದ, ಆಮೇಲೆ ಕಂಪ್ಯೂಟರ್

ನಮ್ಮ ಬ್ರಾಕೆಟ್ಟಿನ ಅಳತೆ ಹೀಗಿದೆ. ಪಟ್ಟಿಯ ಅಗಲ 40 ಮಿ.ಮೀ., ದಪ್ಪ 5 ಮಿ.ಮೀ. ಗೋಡೆಗೆ ಅಂಟಿದ ಕಾಲು ಮೇಲ್ಮುಖವಾಗಿ ನಿಂತಿದೆ, ಅದರ ಎತ್ತರ 60 ಮಿ.ಮೀ. ಮಲಗಿದ ಕಾಲು, ಅಂದರೆ ತೋಳು, ಒಳಮೂಲೆಯಿಂದ 100 ಮಿ.ಮೀ. ಹೊರಗೆ ಚಾಚಿದೆ. ತೋಳಿನ ತುದಿಯಲ್ಲಿ 20 ಕಿಲೋ ತೂಕವಿದೆ. ಅದನ್ನು ಬಲದ ಲೆಕ್ಕಕ್ಕೆ ತಂದರೆ ಸುಮಾರು 200 ನ್ಯೂಟನ್.

ತಂತ್ರಾಂಶ ತೆರೆಯುವ ಮುಂಚೆ ಐದು ನಿಮಿಷದ ಕೈಲೆಕ್ಕ ಮಾಡಿಕೊಳ್ಳುವುದು ಒಳ್ಳೆಯದು. ತೋಳನ್ನು ಗೋಡೆಯಿಂದ ಚಾಚಿದ ಒಂದು ಹಲಗೆ ಎಂದು ಭಾವಿಸಿ. ತುದಿಯಲ್ಲಿ ಭಾರ ಹಾಕಿದರೆ ಬುಡದಲ್ಲಿ ಬಗ್ಗಿಸುವ ಪ್ರಯತ್ನ ಅತಿ ಹೆಚ್ಚು. ಅದು ಬಲ ಮತ್ತು ದೂರದ ಗುಣಲಬ್ಧ. ಆ ಪ್ರಯತ್ನವನ್ನು ಪಟ್ಟಿಯ ಅಡ್ಡಕೊಯ್ತದ ಬಲದಿಂದ ಭಾಗಿಸಿದರೆ ಸ್ಟ್ರೆಸ್ ಸಿಗುತ್ತದೆ.

```
M = 200 × 100 = 20000 N·mm
Z = 40 × 5² / 6 = 166.7 mm³
σ = M / Z = 120 MPa
```

ಸ್ಟ್ರೆಸ್ ಎಂದರೆ ವಸ್ತುವಿನ ಒಳಗೆ ಪ್ರತಿ ಚದರ ಮಿಲಿಮೀಟರಿಗೆ ಎಷ್ಟು ಬಲ ಬೀಳುತ್ತಿದೆ ಎಂಬ ಅಳತೆ. ಒಂದು ಮೆಗಾಪ್ಯಾಸ್ಕಲ್ ಅಂದರೆ ಒಂದು ಚದರ ಮಿಲಿಮೀಟರಿಗೆ ಒಂದು ನ್ಯೂಟನ್. ತೋಳು ಕೆಳಕ್ಕೆ ಬಾಗುವಾಗ ಅದರ ಮೇಲ್ಮೈ ಎಳೆತಕ್ಕೆ ಸಿಗುತ್ತದೆ, ತಳಭಾಗ ಒತ್ತಿಕೊಳ್ಳುತ್ತದೆ. ನಮ್ಮ 120 ಎಂಬುದು ಬುಡದ ಮೇಲ್ಮೈಯಲ್ಲಿರುವ ಎಳೆತ.

ಇದರ ಜೊತೆಗೆ ಇನ್ನೆರಡು ಅಂಕಿಗಳನ್ನು ಬರೆದಿಟ್ಟುಕೊಳ್ಳೋಣ. ತೋಳಿನ ನಡುಮಧ್ಯದಲ್ಲಿ ದೂರ ಅರ್ಧ, ಆದ್ದರಿಂದ ಸ್ಟ್ರೆಸ್ ಕೂಡ ಅರ್ಧ, ಅಂದರೆ 60 ಮೆಗಾಪ್ಯಾಸ್ಕಲ್. ತುದಿ ಎಷ್ಟು ಕೆಳಕ್ಕೆ ಬಾಗುತ್ತದೆ ಎಂಬುದಕ್ಕೂ ಸೂತ್ರವಿದೆ. ಉಕ್ಕಿನ ಬಿಗಿತ 2,00,000 ಮೆಗಾಪ್ಯಾಸ್ಕಲ್ ಎಂದು ಇಟ್ಟುಕೊಂಡರೆ ಉತ್ತರ 0.8 ಮಿ.ಮೀ. ಕಂಪ್ಯೂಟರ್ ಮುಂದೆ ಏನು ಹೇಳಿದರೂ ಈ ಮೂರು ಅಂಕಿಗಳ ಪಕ್ಕದಲ್ಲಿಟ್ಟು ನೋಡಬೇಕು. ಕಟ್ಟಡ ಕೆಲಸಕ್ಕೆ ಬಳಸುವ ಇ250 ದರ್ಜೆಯ ಸಾಮಾನ್ಯ ಉಕ್ಕಿನ ಯೀಲ್ಡ್ ಮಿತಿ, ಅಂದರೆ ಶಾಶ್ವತವಾಗಿ ಬಾಗಲು ಶುರುವಾಗುವ ಮಿತಿ, 250 ಮೆಗಾಪ್ಯಾಸ್ಕಲ್. ಕೈಲೆಕ್ಕದ ಪ್ರಕಾರ ನಾವು ಅದರ ಅರ್ಧದಷ್ಟರಲ್ಲಿದ್ದೇವೆ.

ಹಾಗಿದ್ದರೆ ಕಂಪ್ಯೂಟರ್ ಯಾಕೆ ಬೇಕು? ಕೈಲೆಕ್ಕಕ್ಕೆ ಮೂಲೆ ಎಂಬುದೇ ಕಾಣುವುದಿಲ್ಲ. ತೋಳು ಮತ್ತು ನಿಂತ ಕಾಲು ಸೇರುವ ಜಾಗದಲ್ಲಿ ಬಲ ಇದ್ದಕ್ಕಿದ್ದಂತೆ ದಿಕ್ಕು ಬದಲಿಸಬೇಕು. ಅಲ್ಲಿ ಸ್ಟ್ರೆಸ್ 120ಕ್ಕಿಂತ ಎಷ್ಟು ಹೆಚ್ಚಾಗುತ್ತದೆ ಎಂಬುದೇ ನಮ್ಮ ಪ್ರಶ್ನೆ.

ತುಂಡು ಮಾಡಿ ಲೆಕ್ಕ ಹಾಕುವ ವಿಧಾನ

ಇಂಥ ತಂತ್ರಾಂಶಗಳು ಬಳಸುವುದು ಫೈನೈಟ್ ಎಲಿಮೆಂಟ್ ವಿಧಾನವನ್ನು. ಈ ಹೆಸರನ್ನು ಬಳಕೆಗೆ ತಂದವರು ಅಮೆರಿಕದ ಎಂಜಿನಿಯರ್ ರೇ ಕ್ಲಫ್, 1960ರಲ್ಲಿ. ಚುಕ್ಕಿ ರಂಗೋಲಿಯನ್ನು ನೆನಪಿಸಿಕೊಂಡರೆ ವಿಧಾನ ಸುಲಭವಾಗಿ ಅರ್ಥವಾಗುತ್ತದೆ. ಮೊದಲು ಅಂಗಳದ ತುಂಬ ಚುಕ್ಕಿ ಇಡುತ್ತೇವೆ, ಆಮೇಲೆ ಚುಕ್ಕಿಗಳ ನಡುವೆ ಗೆರೆ ಎಳೆಯುತ್ತೇವೆ. ಇಲ್ಲಿಯೂ ಬ್ರಾಕೆಟ್ಟಿನ ತುಂಬ ಚುಕ್ಕಿಗಳು, ಅವುಗಳನ್ನು ಸೇರಿಸಿ ಮಾಡಿದ ಪುಟ್ಟ ಪುಟ್ಟ ತುಂಡುಗಳು. ಚುಕ್ಕಿಗೆ ನೋಡ್ ಎಂದೂ ತುಂಡಿಗೆ ಎಲಿಮೆಂಟ್ ಎಂದೂ ಒಟ್ಟು ಜಾಲಕ್ಕೆ ಮೆಶ್ ಎಂದೂ ಹೆಸರು. ಭಾರ ಹಾಕಿದಾಗ ಪ್ರತಿಯೊಂದು ಚುಕ್ಕಿ ಎಷ್ಟು ಸರಿಯುತ್ತದೆ ಎಂಬುದನ್ನು ಕಂಪ್ಯೂಟರ್ ಮೊದಲು ಕಂಡುಹಿಡಿಯುತ್ತದೆ. ಆ ಸರಿದಾಟದಿಂದ ಸ್ಟ್ರೆಸ್ ಎಷ್ಟೆಂದು ಆಮೇಲೆ ಲೆಕ್ಕ ಹಾಕುತ್ತದೆ. ಈ ಹಿಂದುಮುಂದು ಮುಖ್ಯ, ಸ್ವಲ್ಪ ಹೊತ್ತಿನಲ್ಲೇ ಮತ್ತೆ ಬೇಕಾಗುತ್ತದೆ.

ಇದನ್ನು ಮನೆಯಲ್ಲೇ ಮಾಡಿ ನೋಡಲು ದುಬಾರಿ ತಂತ್ರಾಂಶ ಬೇಕಿಲ್ಲ. ಫ್ರೀಕ್ಯಾಡ್ ಉಚಿತ. ಅದರೊಳಗಿನ ಎಫ್‌ಇಎಂ ವಿಭಾಗದಲ್ಲಿ ಮೆಶ್ ಮಾಡಲು `Gmsh`, ಲೆಕ್ಕ ಹಾಕಲು `CalculiX` ಇವೆ. ಕೆಲಸದ ಕ್ರಮ ಎಲ್ಲ ತಂತ್ರಾಂಶಗಳಲ್ಲೂ ಹೆಚ್ಚುಕಡಿಮೆ ಒಂದೇ. ಎಲ್ ಆಕಾರ ಬರೆದು 40 ಮಿ.ಮೀ. ಅಗಲಕ್ಕೆ ಹಿಗ್ಗಿಸಬೇಕು. ವಸ್ತು ಯಾವುದೆಂದು ಹೇಳಬೇಕು. ನಿಂತ ಕಾಲಿನ ಬೆನ್ನನ್ನು, ಅಂದರೆ ಗೋಡೆಗೆ ಅಂಟುವ ಮುಖವನ್ನು, ಅಲುಗದಂತೆ ಬಂಧಿಸಬೇಕು. ತೋಳಿನ ತುದಿಯ ಮುಖದ ಮೇಲೆ 200 ನ್ಯೂಟನ್ ಬಲವನ್ನು ಕೆಳಮುಖವಾಗಿ ಹಂಚಬೇಕು. ಮೆಶ್ ಮಾಡಿ, ಲೆಕ್ಕ ಓಡಿಸಿ, ಫಲಿತಾಂಶ ನೋಡಬೇಕು.

ಶುರುವಿನಲ್ಲಿ ಎಡವುವ ಜಾಗಗಳು ಎರಡು. ಮೊದಲನೆಯದು ಮಾನಗಳದ್ದು. ಲೆಕ್ಕ ಹಾಕುವ `CalculiX`ಗೆ ಮಿಲಿಮೀಟರ್, ಮೀಟರ್ ಎಂಬ ಭೇದ ಗೊತ್ತಿಲ್ಲ, ಅದಕ್ಕೆ ಎಲ್ಲವೂ ಬರೀ ಸಂಖ್ಯೆ. ಅಳತೆ ಮಿಲಿಮೀಟರಿನಲ್ಲಿ, ಬಲ ನ್ಯೂಟನ್ನಿನಲ್ಲಿ ಇದ್ದರೆ ವಸ್ತುವಿನ ಬಿಗಿತ ಮೆಗಾಪ್ಯಾಸ್ಕಲ್‌ನಲ್ಲೇ ಇರಬೇಕು. ಫ್ರೀಕ್ಯಾಡ್ ಇದನ್ನು ತಾನೇ ಹೊಂದಿಸುತ್ತದೆ. ಆದರೆ ಕಡತವನ್ನು ಕೈಯಾರೆ ಬರೆಯುವವರು ಈ ಸಾಲುಗಳಲ್ಲಿ ಎಚ್ಚರ ವಹಿಸಬೇಕು.

```
*MATERIAL, NAME=STEEL
*ELASTIC
200000, 0.3
```

ಎರಡನೆಯದು ತುಂಡಿನ ಜಾತಿಯದ್ದು. ನಾಲ್ಕು ಮೂಲೆಯ ಪಿರಮಿಡ್ಡಿನಂಥ ತುಂಡುಗಳಲ್ಲಿ ಮೊದಲ ದರ್ಜೆ, ಎರಡನೇ ದರ್ಜೆ ಎಂದು ಎರಡು ಬಗೆ. ಮೊದಲ ದರ್ಜೆಯ ತುಂಡಿನ ಅಂಚುಗಳು ನೇರವಾಗಿಯೇ ಉಳಿಯುತ್ತವೆ, ಅವು ಬಾಗಲಾರವು. ಬಾಗುವ ಪಟ್ಟಿಯನ್ನು ಬಾಗದ ತುಂಡುಗಳಿಂದ ಕಟ್ಟಿದರೆ ಇಡೀ ಬ್ರಾಕೆಟ್ ಇರುವುದಕ್ಕಿಂತ ಬಹಳ ಗಟ್ಟಿಯಾಗಿ ಕಾಣುತ್ತದೆ. ದಪ್ಪದ ದಿಕ್ಕಿನಲ್ಲಿ ಅಂಥ ಒಂದೇ ತುಂಡು ಇದ್ದರೆ ತುದಿಯ ಬಾಗು 0.8 ಬರಬೇಕಾದಲ್ಲಿ ಅದರ ಅರ್ಧವೂ ಬರದೆ ಹೋಗಬಹುದು. ಕೈಲೆಕ್ಕ ಇಲ್ಲದವರಿಗೆ ಈ ತಪ್ಪು ಗೊತ್ತೇ ಆಗುವುದಿಲ್ಲ, ಏಕೆಂದರೆ ಬಣ್ಣದ ಚಿತ್ರ ಅಷ್ಟೇ ಚೆನ್ನಾಗಿ ಬಂದಿರುತ್ತದೆ. ಆದ್ದರಿಂದ ಎರಡನೇ ದರ್ಜೆಯ ತುಂಡುಗಳನ್ನೇ ಆರಿಸಿಕೊಳ್ಳೋಣ.

ಉತ್ತರ ನೆಲೆಗೊಳ್ಳುವುದು ಎಂದರೇನು?

ಈಗ ಮುಖ್ಯ ವಿಷಯ. ತುಂಡು ಮಾಡಿ ಹಾಕಿದ ಲೆಕ್ಕ ಅಂದಾಜಿನದು. ಆ ಅಂದಾಜು ಎಷ್ಟು ಸರಿ ಎಂದು ತಿಳಿಯುವುದು ಹೇಗೆ?

ವೃತ್ತದ ಸುತ್ತಳತೆಯನ್ನು ಆರ್ಕಿಮಿಡೀಸ್ ಹುಡುಕಿದ ರೀತಿಯನ್ನು ನೋಡಿ. ವೃತ್ತದೊಳಗೆ ಆರು ಬಾಹುಗಳ ಆಕೃತಿ ಬರೆದರೆ ಪೈ ಬೆಲೆ 3 ಎಂದು ಬರುತ್ತದೆ. ಬಾಹುಗಳನ್ನು ದ್ವಿಗುಣ ಮಾಡುತ್ತಾ ಹೋದರೆ 12ಕ್ಕೆ 3.106, 24ಕ್ಕೆ 3.133, 48ಕ್ಕೆ 3.139, 96ಕ್ಕೆ 3.141. ಇಲ್ಲಿ ಅಂಕಿಗಳಿಗಿಂತ ಅವುಗಳ ನಡುವಿನ ಅಂತರವನ್ನು ಗಮನಿಸಿ. ಮೊದಲ ಜಿಗಿತ 0.106, ಮುಂದಿನದು 0.027, ಆಮೇಲೆ 0.006 ಅಥವಾ 0.007. ಪ್ರತಿ ಸಲವೂ ಜಿಗಿತ ಸುಮಾರು ಕಾಲುಭಾಗಕ್ಕೆ ಇಳಿಯುತ್ತಿದೆ. ನಿಜವಾದ ಪೈ ಎಷ್ಟೆಂದು ಗೊತ್ತಿಲ್ಲದಿದ್ದರೂ "ಇದು ಎಲ್ಲೋ 3.14ರ ಹತ್ತಿರ ನಿಲ್ಲುತ್ತದೆ" ಎಂದು ಧೈರ್ಯವಾಗಿ ಹೇಳಬಹುದು.

ಮೆಶ್ ಕನ್ವರ್ಜೆನ್ಸ್ ಎಂದರೆ ಇಷ್ಟೇ. ತುಂಡಿನ ಗಾತ್ರವನ್ನು ಅರ್ಧ, ಮತ್ತೆ ಅರ್ಧ ಮಾಡುತ್ತಾ ಅದೇ ಲೆಕ್ಕವನ್ನು ಮತ್ತೆ ಮತ್ತೆ ಓಡಿಸುವುದು. ಒಂದು ಉತ್ತರದಿಂದ ಮುಂದಿನ ಉತ್ತರಕ್ಕೆ ಆಗುವ ಜಿಗಿತ ಕುಗ್ಗುತ್ತಿದೆಯೇ ಎಂದು ನೋಡುವುದು. ಒಂದೇ ಮೆಶ್‌ನಲ್ಲಿ ಬಂದ ಒಂದೇ ಅಂಕಿಯಿಂದ ಏನನ್ನೂ ಹೇಳಲಾಗದು. ಕನಿಷ್ಠ ಮೂರು ಬೇಕು, ಏಕೆಂದರೆ ಎರಡು ಜಿಗಿತಗಳನ್ನು ಹೋಲಿಸಲು ಮೂರು ಉತ್ತರ ಬೇಕೇ ಬೇಕು.

ನಮ್ಮ ಬ್ರಾಕೆಟ್ಟಿಗೆ ಇದನ್ನು ಹಚ್ಚೋಣ. `Max element size` ಜಾಗದಲ್ಲಿ ಮೊದಲು 2.5 ಮಿ.ಮೀ. ಕೊಡೋಣ, ಆಗ 5 ಮಿ.ಮೀ. ದಪ್ಪಕ್ಕೆ ಎರಡು ತುಂಡು. ಆಮೇಲೆ ಪ್ರತಿ ಸಲ ಅರ್ಧ. ಗಾತ್ರ ಅರ್ಧವಾದರೆ ಉದ್ದ, ಅಗಲ, ಎತ್ತರ ಮೂರೂ ದಿಕ್ಕಿನಲ್ಲಿ ತುಂಡುಗಳು ದ್ವಿಗುಣವಾಗುವುದರಿಂದ ಒಟ್ಟು ಸಂಖ್ಯೆ ಎಂಟು ಪಟ್ಟಾಗುತ್ತದೆ. ಮೂರು ಸಲ ಅರ್ಧ ಮಾಡಿದರೆ 512 ಪಟ್ಟು! ಸಾಮಾನ್ಯ ಲ್ಯಾಪ್‌ಟಾಪ್ ಉಸಿರು ಬಿಡುತ್ತದೆ. ಆದ್ದರಿಂದ ಎಲ್ಲೆಡೆ ಸಣ್ಣದು ಮಾಡದೆ, ಒಳಮೂಲೆಯ ಸುತ್ತಮುತ್ತ ಮಾತ್ರ ಸಣ್ಣ ತುಂಡು ಹಾಕಿ ಉಳಿದ ಕಡೆ ದೊಡ್ಡದನ್ನೇ ಬಿಡುವುದು ವಾಡಿಕೆ.

ಒಳಮೂಲೆಯನ್ನು ಚೂಪಾಗಿ, ಪುಸ್ತಕದ ಅಂಚಿನಂತೆ ನೇರ 90 ಡಿಗ್ರಿಗೆ ಬರೆದಾಗ ಫಲಿತಾಂಶ ಈ ಧಾಟಿಯಲ್ಲಿ ಬರುತ್ತದೆ. ನಿಮ್ಮ ಮೆಶ್‌ನಲ್ಲಿ ಅಂಕಿಗಳು ಸ್ವಲ್ಪ ಆಚೀಚೆ ಆಗಬಹುದು, ಧಾಟಿ ಮಾತ್ರ ಇದೇ.

| ಮೂಲೆಯಲ್ಲಿ ತುಂಡಿನ ಗಾತ್ರ (ಮಿ.ಮೀ.) | ತುದಿಯ ಬಾಗು (ಮಿ.ಮೀ.) | ತೋಳಿನ ನಡುವೆ ಸ್ಟ್ರೆಸ್ (ಮೆಗಾಪ್ಯಾಸ್ಕಲ್) | ಮೂಲೆಯಲ್ಲಿ ಗರಿಷ್ಠ ಸ್ಟ್ರೆಸ್ (ಮೆಗಾಪ್ಯಾಸ್ಕಲ್) |
|---|---|---|---|
| 2.5 | 0.81 | 60 | 140 |
| 1.25 | 0.82 | 60 | 184 |
| 0.63 | 0.82 | 60 | 248 |
| 0.31 | 0.82 | 60 | 339 |

ಎರಡನೇ ಮತ್ತು ಮೂರನೇ ಕಂಬಸಾಲು ನೋಡಿ ಸಮಾಧಾನಪಡಬಹುದು. ಬಾಗು 0.82ಕ್ಕೆ ನಿಂತಿದೆ, ಕೈಲೆಕ್ಕದ 0.8ಕ್ಕೆ ಹತ್ತಿರವಿದೆ. ತೋಳಿನ ನಡುವೆ ನಾವು ಬರೆದಿಟ್ಟುಕೊಂಡಿದ್ದ 60 ಹಾಗೆಯೇ ಬಂದಿದೆ. ಅಂದರೆ ಭಾರ, ವಸ್ತು, ಬಂಧನ, ಮಾನ ಎಲ್ಲವನ್ನೂ ಸರಿಯಾಗಿಯೇ ಕೊಟ್ಟಿದ್ದೇವೆ.

ಕೊನೆಯ ಕಂಬಸಾಲು ಬೇರೆಯೇ ಹೇಳುತ್ತಿದೆ. ಜಿಗಿತಗಳನ್ನು ಲೆಕ್ಕ ಹಾಕಿ: 44, 64, 91. ಪೈ ಲೆಕ್ಕದಲ್ಲಿ ಜಿಗಿತ ಕುಗ್ಗುತ್ತಿತ್ತು, ಇಲ್ಲಿ ಹಿಗ್ಗುತ್ತಿದೆ. ತುಂಡನ್ನು ಇನ್ನೂ ಅರ್ಧ ಮಾಡಿದರೆ 460ರ ಆಸುಪಾಸು, ಆಮೇಲೆ 600 ದಾಟುತ್ತದೆ. ಎಲ್ಲಿಯೂ ನಿಲ್ಲುವುದಿಲ್ಲ. ಲೇಖನದ ಆರಂಭದ ಇಬ್ಬರು ಸ್ನೇಹಿತರು ನಿಂತಿದ್ದು ಇದೇ ಸಾಲಿನ ಎರಡು ತುದಿಗಳಲ್ಲಿ.

ಬಾಗು ಸುಲಭವಾಗಿ ನಿಂತಿತು, ಸ್ಟ್ರೆಸ್ ನಿಲ್ಲಲಿಲ್ಲ ಎಂಬುದನ್ನೂ ಗಮನಿಸಿ. ಕಂಪ್ಯೂಟರ್ ನೇರವಾಗಿ ಕಂಡುಹಿಡಿಯುವುದು ಚುಕ್ಕಿಗಳ ಸರಿದಾಟವನ್ನು. ಸ್ಟ್ರೆಸ್ ಸಿಗುವುದು ಅಕ್ಕಪಕ್ಕದ ಚುಕ್ಕಿಗಳ ಸರಿದಾಟದ ವ್ಯತ್ಯಾಸದಿಂದ. ಬೆಟ್ಟದ ಎತ್ತರವನ್ನು ಅಂದಾಜು ಮಾಡುವುದಕ್ಕಿಂತ ಒಂದು ಜಾಗದ ಇಳಿಜಾರನ್ನು ಅಂದಾಜು ಮಾಡುವುದು ಕಷ್ಟವಲ್ಲವೇ? ಹಾಗೆಯೇ ಇದು. ಆದ್ದರಿಂದ "ಬಾಗು ನಿಂತಿದೆ, ಮೆಶ್ ಸಾಕು" ಎಂದು ಸ್ಟ್ರೆಸ್ ವಿಷಯದಲ್ಲಿ ತೀರ್ಮಾನಿಸುವಂತಿಲ್ಲ.

ಚೂಪು ಮೂಲೆಯ ಒಳಗುಟ್ಟು

ಇದು ತಂತ್ರಾಂಶದ ದೋಷವಲ್ಲ. ತಂತ್ರಾಂಶ ನಾವು ಕೇಳಿದ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರಿಸುತ್ತಿದೆ. ತಪ್ಪಿದ್ದದ್ದು ಪ್ರಶ್ನೆಯಲ್ಲಿ.

ಬ್ರಾಕೆಟ್ಟಿನೊಳಗೆ ಬಲ ಹರಿಯುವುದನ್ನು ಕಾಲುವೆಯ ನೀರಿನಂತೆ ಊಹಿಸಿಕೊಳ್ಳಿ. ತಿರುವು ಅಗಲವಾಗಿದ್ದರೆ ನೀರು ಹರಡಿಕೊಂಡು ತಿರುಗುತ್ತದೆ. ತಿರುವು ಇಕ್ಕಟ್ಟಾದರೆ ಒಳಮಗ್ಗುಲಿನಲ್ಲಿ ಎಲ್ಲವೂ ನುಗ್ಗಿ ಬರುತ್ತದೆ. ನಾವು ಬರೆದ ಮೂಲೆಯ ದುಂಡುತನ ಸೊನ್ನೆ. ಸೊನ್ನೆ ಜಾಗದಲ್ಲಿ ತಿರುಗಬೇಕಾದ ಬಲದ ಸಾಂದ್ರತೆ ಗಣಿತದ ಪ್ರಕಾರ ಅನಂತ. ಇಂಥ ಮೂಲೆಗಳಲ್ಲಿ ಸ್ಟ್ರೆಸ್ ಹೇಗೆ ಏರುತ್ತದೆ ಎಂಬುದನ್ನು ಎಂ. ಎಲ್. ವಿಲಿಯಮ್ಸ್ 1952ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು. ನಮ್ಮದರಂಥ 90 ಡಿಗ್ರಿ ಒಳಮೂಲೆಗೆ ಅವರ ಲೆಕ್ಕ ಹಚ್ಚಿದರೆ, ಮೂಲೆಗೆ ದೂರ ಅರ್ಧವಾದಂತೆಲ್ಲ ಸ್ಟ್ರೆಸ್ ಸುಮಾರು 1.37 ಪಟ್ಟಾಗುತ್ತದೆ. ಪಟ್ಟಿಯ ಕೊನೆಯ ಎರಡು ಅಂಕಿಗಳನ್ನು ಭಾಗಿಸಿ ನೋಡಿ: 339 ಭಾಗ 248, ಅದೇ 1.37. ಇಂಥ ಜಾಗಕ್ಕೆ ಸಿಂಗ್ಯುಲಾರಿಟಿ ಎಂದು ಹೆಸರು. ನಿಜವಾದ ಉತ್ತರವೇ ಅನಂತವಾಗಿರುವಾಗ, ಮೆಶ್ ಸಣ್ಣದಾದಷ್ಟೂ ನಾವು ಆ ಅನಂತಕ್ಕೆ ಒಂದೊಂದೇ ಮೆಟ್ಟಿಲು ಹತ್ತಿರವಾಗುತ್ತೇವೆ, ಅಷ್ಟೇ.

ಹಾಗಾದರೆ ಚೂಪು ಮೂಲೆಯ ಬ್ರಾಕೆಟ್ಟುಗಳೆಲ್ಲ ಮುರಿದು ಬೀಳಬೇಕಿತ್ತಲ್ಲ? ಬೀಳುವುದಿಲ್ಲ, ಕಾರಣ ಎರಡು. ಮೊದಲನೆಯದಾಗಿ, ಬಗ್ಗಿಸಿ, ಎರಕ ಹೊಯ್ದು ಅಥವಾ ಕೊರೆದು ಮಾಡಿದ ಯಾವ ಮೂಲೆಯೂ ಪೂರ್ತಿ ಚೂಪಾಗಿರುವುದಿಲ್ಲ, ಅಷ್ಟೋ ಇಷ್ಟೋ ದುಂಡಗಿರುತ್ತದೆ. ಎರಡನೆಯದಾಗಿ, ಉಕ್ಕು 250 ದಾಟಿದ ಕಡೆ ತುಸು ಬಾಗಿಕೊಟ್ಟು ಭಾರವನ್ನು ಪಕ್ಕಕ್ಕೆ ಹಂಚುತ್ತದೆ. ನಮ್ಮ ಲೆಕ್ಕದಲ್ಲಿ ಆ ಗುಣವನ್ನು ಹೇಳಿಯೇ ಇಲ್ಲ. ಮೇಲಿನ ಮೂರು ಸಾಲಿನ ಕಡತದಲ್ಲಿ ಇರುವುದು ಬಿಗಿತ ಮಾತ್ರ, ಮಿತಿ ಇಲ್ಲ. ಹಾಗಾಗಿ 250ರ ಉಕ್ಕಿಗೆ 339 ಸ್ಟ್ರೆಸ್ ಎಂದು ಬರೆಯಲು ಅದಕ್ಕೆ ಯಾವ ಮುಜುಗರವೂ ಇಲ್ಲ.

ಹಾಗೆಂದು ಮೂಲೆಯ ಕೆಂಪು ಬಣ್ಣವನ್ನೆಲ್ಲ "ಅದು ಸಿಂಗ್ಯುಲಾರಿಟಿ, ಬಿಡಿ" ಎಂದು ತಳ್ಳಿಹಾಕುವುದೂ ಅಪಾಯ. ಎರಕದ ಕಬ್ಬಿಣ ಉಕ್ಕಿನಂತೆ ಬಾಗಿಕೊಡುವುದಿಲ್ಲ, ನೇರ ಬಿರುಕು ಬಿಡುತ್ತದೆ. ಎಂಜಿನ್ ಪಕ್ಕದ ಬ್ರಾಕೆಟ್ಟಿನಂತೆ ಸದಾ ಅದುರುವ ಕಡೆ ಉಕ್ಕಿನಲ್ಲೂ ಬಿರುಕು ಹುಟ್ಟುವುದು ಇಂಥ ಮೂಲೆಗಳಲ್ಲೇ. ಅಂಕಿ ಸುಳ್ಳಿರಬಹುದು, ಅದು ಬೆರಳು ತೋರಿಸುತ್ತಿರುವ ಜಾಗ ಸುಳ್ಳಲ್ಲ.

ಮೂಲೆಯನ್ನು ದುಂಡಗೆ ಮಾಡಿದಾಗ

ಸರಿಯಾದ ದಾರಿ ಎಂದರೆ ನಿಜವಾದ ಬ್ರಾಕೆಟ್ಟಿನಲ್ಲಿ ಇರುವ ದುಂಡುತನವನ್ನೇ ನಕ್ಷೆಯಲ್ಲೂ ಬರೆಯುವುದು. ಇದಕ್ಕೆ ಫಿಲೆಟ್ ಎನ್ನುತ್ತಾರೆ. ಒಳಮೂಲೆಗೆ 2 ಮಿ.ಮೀ. ತ್ರಿಜ್ಯದ ಫಿಲೆಟ್ ಕೊಟ್ಟು ಅದೇ ನಾಲ್ಕು ಲೆಕ್ಕಗಳನ್ನು ಮತ್ತೆ ಓಡಿಸಿದರೆ ಧಾಟಿ ಹೀಗೆ ಬದಲಾಗುತ್ತದೆ.

| ಮೂಲೆಯಲ್ಲಿ ತುಂಡಿನ ಗಾತ್ರ (ಮಿ.ಮೀ.) | ಗರಿಷ್ಠ ಸ್ಟ್ರೆಸ್ (ಮೆಗಾಪ್ಯಾಸ್ಕಲ್) | ಹಿಂದಿನದಕ್ಕಿಂತ ಜಿಗಿತ |
|---|---|---|
| 2.5 | 128 | – |
| 1.25 | 141 | 13 |
| 0.63 | 146.5 | 5.5 |
| 0.31 | 148 | 1.5 |

ಜಿಗಿತ 13, 5.5, 1.5. ಈಗ ಕುಗ್ಗುತ್ತಿದೆ. ಕೊನೆಯ ಜಿಗಿತ ನೂರಕ್ಕೆ ಒಂದರಷ್ಟು. ಇನ್ನೊಂದು ಸಲ ಅರ್ಧ ಮಾಡಿದರೂ ಉತ್ತರ 148, 149ರ ಬಳಿಯೇ ಇರುತ್ತದೆ ಎಂದು ಹೇಳಬಹುದು. ಕೈಲೆಕ್ಕದ 120ಕ್ಕೆ ಹೋಲಿಸಿದರೆ ಮೂಲೆಯ ತಿರುವು ಸ್ಟ್ರೆಸ್ಸನ್ನು ಸುಮಾರು ಕಾಲುಭಾಗ ಏರಿಸಿದೆ. ನಾವು ಕಂಪ್ಯೂಟರನ್ನು ಕೇಳಲು ಹೊರಟಿದ್ದು ಇದನ್ನೇ. 250ರ ಮಿತಿಯನ್ನು 148ರಿಂದ ಭಾಗಿಸಿದರೆ 1.7. ಉಕ್ಕಿನ ಮಟ್ಟಿಗೆ ಬ್ರಾಕೆಟ್ ಪಾಸ್.

ಮೊದಲ ಮೆಶ್ 128 ಎಂದು ಕಡಿಮೆ ತೋರಿಸಿದ್ದೇಕೆ ಎಂಬುದನ್ನೂ ಬಿಡಿಸಬಹುದು. 2 ಮಿ.ಮೀ. ತ್ರಿಜ್ಯದ ಕಾಲುವೃತ್ತದ ಉದ್ದ 3.14 ಮಿ.ಮೀ. ಅದರ ಮೇಲೆ 2.5 ಮಿ.ಮೀ. ತುಂಡು ಇಟ್ಟರೆ ಇಡೀ ತಿರುವಿಗೆ ಸಿಗುವುದು ಒಂದು ಚಿಲ್ಲರೆ ತುಂಡು. ಎರಡೇ ಚುಕ್ಕಿಯಲ್ಲಿ ಕಮಾನು ಬರೆದ ರಂಗೋಲಿಯಂತೆ ಅದು. 0.63ಕ್ಕೆ ಬಂದಾಗ ತಿರುವಿನ ಮೇಲೆ ಐದು ತುಂಡು, 0.31ಕ್ಕೆ ಹತ್ತು. ಚಿತ್ರ ನೋಡುವಾಗ ಫಿಲೆಟ್ಟಿನ ಮೇಲೆ ಎಷ್ಟು ತುಂಡುಗಳಿವೆ ಎಂದು ಎಣಿಸುವ ಅಭ್ಯಾಸ ಮಾಡಿಕೊಂಡರೆ ಅರ್ಧ ತಪ್ಪುಗಳು ಅಲ್ಲೇ ಸಿಕ್ಕಿಬೀಳುತ್ತವೆ.

ಫಿಲೆಟ್ ಒಂದನ್ನು ಸರಿಪಡಿಸಿದ ಮಾತ್ರಕ್ಕೆ ಬ್ರಾಕೆಟ್ಟಿನಲ್ಲಿ ಬೇರೆಲ್ಲೂ ಅಂಥ ಜಾಗ ಇಲ್ಲ ಎಂದಲ್ಲ. ಬಂಧಿಸಿದ ಮುಖದ ಅಂಚುಗಳಲ್ಲಿ, ಅದರಲ್ಲೂ ಬೆನ್ನಿನ ಕೆಳತುದಿಯಲ್ಲಿ, ಇದೇ ರೀತಿ ನಿಲ್ಲದೆ ಏರುವ ಅಂಕಿ ಕಾಣಬಹುದು. ಭಾರವನ್ನು ಒಂದೇ ಚುಕ್ಕಿಯ ಮೇಲೆ ಹಾಕಿದರೆ ಆ ಚುಕ್ಕಿಯಲ್ಲೂ ಅದೇ ಕಥೆ. ಅದಕ್ಕೇ ಇಡೀ ಚಿತ್ರದ ಗರಿಷ್ಠ ಅಂಕಿಯನ್ನು ಕಣ್ಣುಮುಚ್ಚಿ ಓದಬಾರದು. ಆ ಗರಿಷ್ಠ ಎಲ್ಲಿದೆ, ಅದರ ಜಿಗಿತ ಕುಗ್ಗುತ್ತಿದೆಯೇ ಹಿಗ್ಗುತ್ತಿದೆಯೇ ಎಂದು ನೋಡಿ ಓದಬೇಕು.

ದಪ್ಪ ಮೆಶ್ ಮುಳುಗಿಸಿದ ಕಟ್ಟಡ

"ಇಷ್ಟೆಲ್ಲ ತಲೆನೋವು ಏಕೆ, ಮೂಲೆಯಲ್ಲಿ ದೊಡ್ಡ ತುಂಡು ಹಾಕಿ 140 ಎಂದು ಬರೆದುಬಿಟ್ಟರಾಯಿತಲ್ಲ" ಎನ್ನುವವರಿಗೆ ನಾರ್ವೆಯ ಸ್ಲೈಪ್ನರ್ ಎ ಉತ್ತರ ಕೊಡುತ್ತದೆ. ಅದು ಸಮುದ್ರದಿಂದ ಅನಿಲ ತೆಗೆಯುವ ವೇದಿಕೆಗಾಗಿ ಕಟ್ಟಿದ ದೈತ್ಯ ಕಾಂಕ್ರೀಟ್ ಬುಡ. 1991ರ ಆಗಸ್ಟ್ 23ರಂದು ಸ್ಟಾವಾಂಗರ್ ಬಳಿಯ ಗಾಂಡ್ಸ್‌ಫ್ಯೂರ್ಡ್‌ನಲ್ಲಿ ಅದನ್ನು ಪರೀಕ್ಷೆಗಾಗಿ ನೀರಿನಲ್ಲಿ ಇಳಿಸುತ್ತಿದ್ದಾಗ ಒಳಗಿನ ಗೋಡೆಯೊಂದು ಬಿರಿಯಿತು. ನುಗ್ಗಿದ ನೀರನ್ನು ಪಂಪುಗಳಿಂದ ಹೊರಹಾಕಲಾಗಲಿಲ್ಲ, ಇಡೀ ಬುಡ ಮುಳುಗಿತು. ಅದು ತಳಕ್ಕೆ ಅಪ್ಪಳಿಸಿದ ರಭಸ ರಿಕ್ಟರ್ ಮಾಪಕದಲ್ಲಿ 3ರಷ್ಟಿನ ಭೂಕಂಪವಾಗಿ ದಾಖಲಾಯಿತು. ನಷ್ಟ ಸುಮಾರು 70 ಕೋಟಿ ಡಾಲರ್.

ತನಿಖೆಯಲ್ಲಿ ಸಿಕ್ಕ ಕಾರಣಗಳಲ್ಲಿ ಮುಖ್ಯವಾದದ್ದು ಇದೇ ಲೆಕ್ಕದ್ದು. ದುಂಡನೆಯ ಕೋಶಗಳು ಒಂದಕ್ಕೊಂದು ಸೇರುವ ಮೂರು ಮೂಲೆಯ ಜಾಗಗಳಲ್ಲಿ ಮೆಶ್ ದಪ್ಪವಾಗಿತ್ತು, ತುಂಡುಗಳು ಸೊಟ್ಟಗಿದ್ದವು. ಅಲ್ಲಿನ ಕತ್ತರಿಸುವ ಸ್ಟ್ರೆಸ್ಸನ್ನು ಲೆಕ್ಕ ಶೇ. 47ರಷ್ಟು ಕಡಿಮೆ ತೋರಿಸಿತ್ತು. ಅದನ್ನು ನಂಬಿ ಗೋಡೆಯನ್ನು ತೆಳುವಾಗಿ ಕಟ್ಟಿದ್ದರು, ಒಳಗಿನ ಕಬ್ಬಿಣವೂ ಸಾಲದಾಗಿತ್ತು. ದುರಂತದ ಬಳಿಕ ಎಚ್ಚರದಿಂದ ಮಾಡಿದ ಲೆಕ್ಕ, ಗೋಡೆ 62 ಮೀಟರ್ ಆಳದಲ್ಲಿ ಸೋಲುತ್ತದೆ ಎಂದಿತು. ನಿಜವಾಗಿ ಸೋತದ್ದು 65 ಮೀಟರಿನಲ್ಲಿ. ವಿಧಾನ ಸರಿಯಾಗಿಯೇ ಇತ್ತು, ಮೊದಲ ಸಲ ಬಳಸಿದ ಮೆಶ್ ಸರಿಯಿರಲಿಲ್ಲ.

ಮೆಶ್ ಹೇಳಲಾರದ ಸಂಗತಿ

ಮತ್ತೆ ನಮ್ಮ ಬ್ರಾಕೆಟ್ಟಿಗೆ ಬರೋಣ. ಉತ್ತರ 148ಕ್ಕೆ ನಿಂತಿದೆ, ಜಿಗಿತ ನೂರಕ್ಕೆ ಒಂದು. ಇನ್ನು ಶೆಲ್ಫ್ ಹಾಕಬಹುದೇ?

ನಾವು ಬೆನ್ನಿನ ಇಡೀ ಮುಖವನ್ನು ಗೋಡೆಗೆ ಬೆಸೆದಂತೆ ಬಂಧಿಸಿದ್ದೆವು, ನೆನಪಿದೆಯಲ್ಲ? ನಿಜವಾದ ಗೋಡೆಯಲ್ಲಿ ಇರುವುದು ಸ್ಕ್ರೂ. ಅದು ಬ್ರಾಕೆಟ್ಟಿನ ತಳದಿಂದ 40 ಮಿ.ಮೀ. ಎತ್ತರದಲ್ಲಿ ಒಂದೇ ಇದೆ ಎಂದುಕೊಳ್ಳಿ. ತುದಿಯ ಭಾರ ಬ್ರಾಕೆಟ್ಟನ್ನು ಕೆಳತುದಿಯ ಸುತ್ತ ತಿರುಗಿಸಿ ಗೋಡೆಯಿಂದ ಕೀಳಲು ನೋಡುತ್ತದೆ. ಗೋಡೆಯಿಂದ ಭಾರಕ್ಕೆ ದೂರ 105 ಮಿ.ಮೀ.

```
F = 200 × 105 / 40 = 525 N
```

ಶೆಲ್ಫಿನ ಮೇಲಿರುವುದು 20 ಕಿಲೋ. ಸ್ಕ್ರೂವನ್ನು ಗೋಡೆಯಿಂದ ಹೊರಕ್ಕೆ ಎಳೆಯುತ್ತಿರುವುದು ಸುಮಾರು 53 ಕಿಲೋಗೆ ಸಮನಾದ ಬಲ. ಕೆಳತುದಿ ಒತ್ತುವ ಕಡೆ ಗಾರೆ ಪುಡಿಯಾದರೆ ತಿರುಗುವ ಬಿಂದು ಮೇಲಕ್ಕೆ ಸರಿದು ಎಳೆತ ಇನ್ನೂ ಹೆಚ್ಚುತ್ತದೆ. ಸ್ಕ್ರೂವನ್ನು ಹಿಡಿದಿರುವುದು ಗೋಡೆಯ ತೂತಿಗೆ ತುರುಕಿದ ಪ್ಲಾಸ್ಟಿಕ್ ಪ್ಲಗ್. ಪ್ಲಗ್ ಗಾರೆಯಲ್ಲಷ್ಟೇ ಕೂತಿದೆಯೋ, ಇಟ್ಟಿಗೆಯೊಳಗೆ ಹೋಗಿದೆಯೋ ಎಂಬುದರ ಮೇಲೆ ಶೆಲ್ಫಿನ ಹಣೆಬರಹ ನಿಂತಿದೆ. ಉಕ್ಕು ಬಾಗುವ ಮುಂಚೆ ಪ್ಲಗ್ ಕಿತ್ತು ಬರುವ ಸಾಧ್ಯತೆಯೇ ಹೆಚ್ಚು.

ನಮ್ಮ ಬಣ್ಣದ ಚಿತ್ರದಲ್ಲಿ ಇದರ ಸುಳಿವೂ ಇಲ್ಲ. ಮೆಶ್ಶನ್ನು ಸಾವಿರ ಪಟ್ಟು ಸಣ್ಣ ಮಾಡಿದರೂ ಬರುವುದಿಲ್ಲ, ಏಕೆಂದರೆ ನಕ್ಷೆಯಲ್ಲಿ ನಾವು ಸ್ಕ್ರೂವನ್ನು ಬರೆದೇ ಇಲ್ಲ. ಉತ್ತರ ನೆಲೆಗೊಂಡಿದೆ ಎಂದರೆ ಕೇಳಿದ ಪ್ರಶ್ನೆಗೆ ಲೆಕ್ಕ ಸರಿಯಾಗಿದೆ ಎಂದು ಅರ್ಥ. ಪ್ರಶ್ನೆಯೇ ಸರಿಯಾಗಿತ್ತೇ ಎಂಬುದನ್ನು ಅದು ಹೇಳುವುದಿಲ್ಲ.

ಆದ್ದರಿಂದ ಯಾರಾದರೂ ನಿಮ್ಮ ಮುಂದೆ ಕೆಂಪು, ಹಳದಿ, ನೀಲಿ ಬಣ್ಣದ ಬ್ರಾಕೆಟ್ ಚಿತ್ರ ಇಟ್ಟು "ಗರಿಷ್ಠ ಸ್ಟ್ರೆಸ್ ಇಷ್ಟು, ಸೇಫ್" ಎಂದರೆ ಮೂರು ಪ್ರಶ್ನೆ ಕೇಳಿ. ತುಂಡನ್ನು ಅರ್ಧ ಮಾಡಿದಾಗ ಆ ಅಂಕಿ ಎಷ್ಟಾಯಿತು, ಮತ್ತೆ ಅರ್ಧ ಮಾಡಿದಾಗ ಎಷ್ಟು? ಆ ಗರಿಷ್ಠ ಇರುವ ಜಾಗ ಚೂಪು ಮೂಲೆಯೋ, ಬಂಧಿಸಿದ ಅಂಚೋ, ನಿಜವಾದ ದುಂಡು ಮೂಲೆಯೋ? ಸ್ಕ್ರೂ ಎಲ್ಲಿ? ಮೊದಲ ಎರಡಕ್ಕೆ ಉತ್ತರ ಕಂಪ್ಯೂಟರಿನಲ್ಲಿದೆ. ಮೂರನೆಯದಕ್ಕೆ ಗೋಡೆಯ ಹತ್ತಿರ ಹೋಗಿಯೇ ನೋಡಬೇಕು.